ಮಲಗಿದ್ದರು, ಮಲಗಿತ್ತು: ಡಿಸೆಕ್ಷನ್ ಹಾಲ್‌ನ ಮೊದಲ ದಿನವನ್ನು ಬರೆಯುವ ಬಗೆ

(ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಕನ್ನಡ ಸಂಘದಲ್ಲಿ, ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳ ಮುಂದೆ ಅಂಗರಚನಾಶಾಸ್ತ್ರದ ಅಧ್ಯಾಪಕಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ.)

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸೋಮವಾರ ನೀವು ಮೊದಲ ಬಾರಿಗೆ ಡಿಸೆಕ್ಷನ್ ಹಾಲ್‌ಗೆ ಕಾಲಿಡುತ್ತೀರಿ. ಅದಾದ ಒಂದು ವಾರದೊಳಗೆ ಆ ದಿನದ ಬಗ್ಗೆ ಎರಡು ಪುಟಗಳ ಒಂದು ಚಿಂತನಾ ಬರಹವನ್ನು ನಿಮ್ಮ ಪೋರ್ಟ್‌ಫೋಲಿಯೊಗೆ ಸೇರಿಸಬೇಕು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಎಟ್‌ಕಾಮ್ ಎಂಬ ಭಾಗವಿದೆ. ವೈದ್ಯನ ನಡವಳಿಕೆ, ನೀತಿ ಮತ್ತು ಮಾತುಕತೆಗಳನ್ನು ಕಲಿಸುವುದಕ್ಕಾಗಿ ಇಟ್ಟ ಭಾಗ ಅದು. ಅದರ 1.5ನೇ ಘಟಕದ ಹೆಸರೇ ‘ಮೃತದೇಹ ನಮ್ಮ ಮೊದಲ ಗುರು’ ಎಂಬ ಅರ್ಥದ್ದು. ಲಾಗ್‌ಬುಕ್ ನಿಮ್ಮ ಮುಂದಿಡುವುದು ಮೂರೇ ಪ್ರಶ್ನೆಗಳನ್ನು: ಏನಾಯಿತು, ಅದರಿಂದೇನು, ಮುಂದೇನು. ಪ್ರಶ್ನೆಗಳು ಚಿಕ್ಕವಾದ್ದರಿಂದ ಉತ್ತರವೂ ಸುಲಭವೆಂದು ತೋರುತ್ತದೆ, ಆದ್ದರಿಂದಲೇ ಹೆಚ್ಚಿನವರು ಅದನ್ನು ಹಾಸ್ಟೆಲ್‌ನಲ್ಲಿ ಕುಳಿತು ಇಪ್ಪತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ನಾನು ಇಂದು ಸಾಮಾನ್ಯ ಸೂಚನೆಗಳನ್ನು ಕೊಡಲು ಬಂದಿಲ್ಲ. ಒಬ್ಬ ವಿದ್ಯಾರ್ಥಿಯ ಬರಹವನ್ನು, ಅದರ ಮೊದಲ ಕರಡಿನಿಂದ ಕೊನೆಯ ಪ್ರತಿಯವರೆಗೆ, ನಿಮ್ಮೊಡನೆ ಮತ್ತೊಮ್ಮೆ ಓದಬೇಕೆಂದಿದ್ದೇನೆ. ಆತನ ಒಪ್ಪಿಗೆ ಪಡೆದಿದ್ದೇನೆ, ಆತನ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ಕೆಲವು ವರ್ಷಗಳ ಹಿಂದೆ ಆತ ನಮ್ಮಲ್ಲಿ ಮೊದಲ ವರ್ಷದಲ್ಲಿದ್ದ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬೆಂಗಳೂರಿಗೆ ಬಂದಿದ್ದ ಹುಡುಗ.

ಮೊದಲ ಕರಡು ಇಂಗ್ಲಿಷಿನಲ್ಲಿತ್ತು. ಮೃತದೇಹವೇ ನನ್ನ ಮೊದಲ ಗುರು, ತಮ್ಮ ದೇಹವನ್ನು ನಮಗಾಗಿ ದಾನ ಮಾಡಿದ ಆ ಮಹಾನ್ ಚೇತನಕ್ಕೆ ನಾನು ಋಣಿ, ಹಾಲ್‌ನೊಳಗೆ ಹೋದ ಕೂಡಲೇ ನನ್ನ ಕಣ್ಣುಗಳಲ್ಲಿ ನೀರು ತುಂಬಿತು, ಒಳ್ಳೆಯ ವೈದ್ಯನಾಗುವೆನೆಂದು ಅಂದೇ ನಿರ್ಧರಿಸಿದೆ ಎಂದೆಲ್ಲ ಇತ್ತು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಕಟ್ಟಿನಲ್ಲಿದ್ದ ಇನ್ನೂ ಹಲವು ಬರಹಗಳಲ್ಲಿ ಇದೇ ಮಾತುಗಳು ಇದೇ ಕ್ರಮದಲ್ಲಿ ಇದ್ದವು. ಒಂದು ಪುಟದ ಹೆಸರನ್ನು ಮುಚ್ಚಿಟ್ಟರೆ ಅದು ಯಾರದೆಂದು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಆತನನ್ನು ಕರೆದು ಕೂರಿಸಿಕೊಂಡು ನಾನು ಕೇಳಿದ ಮೊದಲ ಪ್ರಶ್ನೆ, ಅವರು ದೇಹದಾನ ಮಾಡಿದ್ದರೆಂದು ನಿನಗೆ ಹೇಗೆ ಗೊತ್ತಾಯಿತು ಎಂಬುದಾಗಿತ್ತು. ಆತ ಸುಮ್ಮನಾದ. ನಮ್ಮ ಮೇಜಿನ ಮೇಲೆ ಬರುವ ದೇಹಗಳು ಎರಡು ದಾರಿಯಿಂದ ಬರುತ್ತವೆ. ಬದುಕಿದ್ದಾಗಲೇ ಒಪ್ಪಿಗೆ ಬರೆದುಕೊಟ್ಟು, ಸಾವಿನ ನಂತರ ಮನೆಯವರು ತಂದೊಪ್ಪಿಸುವ ದೇಹಗಳು ಒಂದು ಬಗೆ. ಇನ್ನೊಂದು ಬಗೆ, ವಾರಸುದಾರರು ಯಾರೂ ಮುಂದೆ ಬಾರದೆ ಉಳಿದು, 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದ ಅಡಿಯಲ್ಲಿ ಬೋಧನೆಗಾಗಿ ಕಾಲೇಜುಗಳಿಗೆ ಬರುವ ದೇಹಗಳು. ಎರಡನೆಯ ಬಗೆಯಲ್ಲಿ ಬಂದವರು ಏನನ್ನೂ ದಾನ ಮಾಡಿರುವುದಿಲ್ಲ. ಅವರನ್ನು ಯಾರೂ ಕೇಳಿರುವುದೇ ಇಲ್ಲ. ಅಂಥವರ ಮುಂದೆ ನಿಂತು ‘ನಿಮ್ಮ ತ್ಯಾಗಕ್ಕೆ ನಮಿಸುತ್ತೇನೆ’ ಎಂದು ಬರೆದರೆ, ಅವರು ಎಂದೂ ಮಾಡದ ಒಂದು ನಿರ್ಧಾರವನ್ನು ನಾವೇ ಅವರ ಮೇಲೆ ಹೊರಿಸಿದ ಹಾಗಾಗುತ್ತದೆ. ಯಾವ ದಾರಿಯಿಂದ ಬಂದದ್ದು ಎಂಬುದನ್ನು ವಿಭಾಗದಲ್ಲಿ ಕೇಳಬಹುದು. ಹೆಸರು, ಊರು, ಯಾವ ಆಸ್ಪತ್ರೆಯಿಂದ ಬಂದರು ಎಂಬುದನ್ನು ನಾವು ಹೇಳುವುದಿಲ್ಲ, ನೀವೂ ಕೇಳಬಾರದು. ಆತ ಹೋಗಿ ಕೇಳಿದ. ಆತನ ಮೇಜಿನ ಮೇಲಿದ್ದದ್ದು ವಾರಸುದಾರರಿಲ್ಲದ ವೃದ್ಧೆಯೊಬ್ಬರ ದೇಹ. ಆತನ ಬರಹದ ಅರ್ಧ ಭಾಗ ಅಲ್ಲಿಗೇ ಬಿದ್ದುಹೋಯಿತು.

ನನ್ನ ಎರಡನೆಯ ಪ್ರಶ್ನೆ ಕಣ್ಣೀರಿನ ಬಗ್ಗೆ. ದೇಹವನ್ನು ಕೆಡದಂತೆ ಇಡಲು ತೊಡೆಯ ಅಥವಾ ಕುತ್ತಿಗೆಯ ದೊಡ್ಡ ಅಪಧಮನಿಯ ಮೂಲಕ ಸಂರಕ್ಷಕ ದ್ರವವನ್ನು ಹರಿಸುತ್ತಾರೆ. ಅದರಲ್ಲಿ ಮುಖ್ಯವಾದದ್ದು ಫಾರ್ಮಲಿನ್, ಅಂದರೆ ಶೇಕಡ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಇರುವ ದ್ರಾವಣ; ಅದನ್ನು ಬೇರೆ ವಸ್ತುಗಳೊಡನೆ ತೆಳುಮಾಡಿ ಬಳಸುತ್ತಾರೆ. ಅದರ ಆವಿ ಕಣ್ಣಿಗೆ ತಾಗಿದೊಡನೆ ನೀರು ಬರುತ್ತದೆ, ಮೂಗು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಹೊದಿಕೆ ತೆಗೆದ ಗಳಿಗೆಯಲ್ಲಿ ಮೇಜಿನ ಸುತ್ತ ಬಾಗಿ ನಿಂತವರೆಲ್ಲರಿಗೂ ಏಕಕಾಲಕ್ಕೆ ಕಣ್ಣೀರು ಬಂದು, ಹೊರಗಿನ ಮೊಗಸಾಲೆಗೆ ಹೋದ ಸ್ವಲ್ಪ ಹೊತ್ತಿನಲ್ಲಿ ನಿಂತುಹೋದರೆ, ಆ ಕಣ್ಣೀರಿಗೆ ಕಾರಣ ಫಾರ್ಮಲಿನ್. ದುಃಖದ ಕಣ್ಣೀರೂ ಬರಬಹುದು. ಬಂದರೆ ಅದನ್ನು ಬರೆಯಲೇಬೇಕು. ಯಾವುದು ಯಾವುದೆಂದು ನೋಡದೆ ಬರೆದರೆ ಮಾತ್ರ ತೊಂದರೆ. ಆತ ಯೋಚಿಸಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ಮೇಡಂ, ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಅಂತ ಹೆದರಿಕೆಯಾಯಿತು.” ಆ ಒಂದು ವಾಕ್ಯ ಆತನ ಎರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಆಗ ನಾನು ಆತನಿಗೆ ಎರಡು ಕೆಲಸ ಹೇಳಿದೆ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ಇಂಗ್ಲಿಷಿಗೆ ತಾ. ಏನನ್ನಿಸಿತು ಎಂಬುದನ್ನು ಬದಿಗಿಟ್ಟು, ಬಾಗಿಲು ದಾಟಿದಲ್ಲಿಂದ ಹೊರಗೆ ಬರುವವರೆಗೆ ನಿನ್ನ ಕೈ ಏನೇನು ಮಾಡಿತು ಎಂಬುದನ್ನಷ್ಟೇ ಕ್ರಮವಾಗಿ ಬರೆ. ಕೈಯ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಭಾವನೆಯನ್ನು ನೆನಪಿಸಿಕೊಳ್ಳಲು ಹೊರಟಾಗ ನಮಗೆ ಸಿಗುವುದು ಬೇರೆಯವರಿಂದ ಕೇಳಿದ ಭಾವನೆಗಳು. ಕೈ ಮಾಡಿದ್ದನ್ನು ನೆನಪಿಸಿಕೊಂಡರೆ ಅದರ ಹಿಂದೆಯೇ ಆ ಹೊತ್ತಿನ ನಿಜವಾದ ಅಳುಕು, ಬೆರಗು, ಅಸಹ್ಯ ತಾವಾಗಿ ಬರುತ್ತವೆ. ಅದೇ ಸಂಜೆ ಬರೆದಿಟ್ಟ ಹತ್ತು ಸಾಲಿನ ಟಿಪ್ಪಣಿ ಇದ್ದರೆ ಈ ಕೆಲಸ ಹಗುರವಾಗುತ್ತದೆ. ನೀವೂ ಸೋಮವಾರ ರಾತ್ರಿ ಆ ಹತ್ತು ಸಾಲು ಬರೆದಿಡಿ, ಪ್ರಬಂಧವನ್ನು ಎರಡು ಮೂರು ದಿನ ಬಿಟ್ಟು ಬರೆಯಿರಿ.

ಎರಡನೆಯ ಕರಡು ನಾಲ್ಕು ಪುಟವಿತ್ತು. ಅದರ ಮೊದಲ ಭಾಗ ಸುಮಾರಾಗಿ ಹೀಗಿದೆ. ಪ್ರತಿಜ್ಞೆ ಓದಿ, ಒಂದು ನಿಮಿಷ ಮೌನವಾಗಿ ನಿಂತ ನಂತರ ಅಟೆಂಡರ್ ಬಿಳಿಯ ಬಟ್ಟೆಯನ್ನು ಎದೆಯವರೆಗೆ ಸರಿಸಿದರು; ಮುಖದ ಮೇಲೆ ಬೇರೆ ಬಟ್ಟೆ ಇತ್ತು. ‘ಅಜ್ಜಿಯೊಬ್ಬರು ಮಲಗಿದ್ದರು. ಅವರ ಚರ್ಮ ನಾನು ಅಂದುಕೊಂಡ ಬಣ್ಣದ್ದಾಗಿರಲಿಲ್ಲ, ಒದ್ದೆ ಚಕ್ಕಳದ ಹಾಗೆ ಇತ್ತು. ಕೈಗವಸು ಹಾಕಿಕೊಂಡು ಅವರ ಭುಜ ಮುಟ್ಟಿದೆ. ತಣ್ಣಗಿತ್ತು.’ ನಂತರ ಮೂಳೆಗಳ ಗುರುತುಗಳನ್ನು ಬೆರಳಿನಿಂದ ಹುಡುಕಿದ್ದು ಬರುತ್ತದೆ. ಕುತ್ತಿಗೆಯ ಬುಡದ ಕುಳಿ, ಅಲ್ಲಿಂದ ಎರಡೂ ಕಡೆ ಚಾಚಿಕೊಂಡ ಕೊರಳೆಲುಬು, ಕುಳಿಯಿಂದ ಸ್ವಲ್ಪ ಕೆಳಗೆ ಎದೆಯೆಲುಬಿನ ಮೇಲೆ ಅಡ್ಡಲಾಗಿ ಸಿಗುವ ಏಣು, ಆ ಏಣಿನ ಪಕ್ಕಕ್ಕೆ ಸೇರುವ ಎರಡನೆಯ ಪಕ್ಕೆಲುಬು. ಇವುಗಳನ್ನು ಆತ ತನ್ನ ಎದೆಯ ಮೇಲೂ ಮುಟ್ಟಿ ನೋಡಿಕೊಂಡ. ‘ಅದೇ ಜಾಗದಲ್ಲಿ ನನ್ನಲ್ಲೂ ಅದೇ ಏಣು ಇತ್ತು’ ಎಂದು ಬರೆದಿದ್ದಾನೆ.

ಮುಂದಿನದು ಚರ್ಮವನ್ನು ಕತ್ತರಿಸುವ ಘಟ್ಟ. ಎದೆಯ ನಡುಗೆರೆಯನ್ನು ಅಧ್ಯಾಪಕರೇ ಹಾಕಿ ತೋರಿಸಿದರು; ಬಲ ಕೊರಳೆಲುಬಿನ ಉದ್ದಕ್ಕೂ ಹಾಕಬೇಕಾದ ಗೆರೆ ಆತನ ಪಾಲಿಗೆ ಬಂತು. ಇಲ್ಲಿಂದ ಆತನ ಬರಹವನ್ನು ಕಿವಿಗೊಟ್ಟು ಕೇಳಿ: ‘ಸ್ಕಾಲ್ಪೆಲ್ ಹಿಡಿದೆ. ಚರ್ಮ ಗಟ್ಟಿಯಾಗಿತ್ತು. ಅದು ಕತ್ತರಿಸಲಿಲ್ಲ. ಜೋರಾಗಿ ಒತ್ತಿದೆ. ಅದರ ಎದೆಯ ಮೇಲೆ ನನ್ನ ಎಡಗೈ ಊರಿಕೊಂಡಿದ್ದೆ. ಅದು ಅಲುಗಾಡದ ಹಾಗೆ ಗೆಳೆಯ ಭುಜ ಹಿಡಿದುಕೊಂಡಿದ್ದ.’

ನಾನು ಪೆನ್ಸಿಲ್‌ನಿಂದ ‘ಅದರ’ ಎಂಬ ಪದದ ಸುತ್ತ ಒಂದು ಗೆರೆ ಎಳೆದು, ಹಿಂದಿನ ಪುಟದ ‘ಅವರ’ ಎಂಬ ಪದದ ಸುತ್ತ ಇನ್ನೊಂದು ಗೆರೆ ಎಳೆದು, ಏನೂ ಹೇಳದೆ ಕಾಗದವನ್ನು ಆತನಿಗೆ ಹಿಂದಿರುಗಿಸಿದೆ. ಆತ ನೋಡಿದ, ಮತ್ತೆ ನೋಡಿದ. ಬರೆಯುವಾಗ ಆತನಿಗೆ ಅದು ಗೊತ್ತೇ ಆಗಿರಲಿಲ್ಲ. ಭುಜ ಮುಟ್ಟುವಾಗ ‘ಅವರು’ ಆಗಿದ್ದವರು ಸ್ಕಾಲ್ಪೆಲ್ ಕೈಗೆ ಬಂದ ವಾಕ್ಯದಿಂದ ‘ಅದು’ ಆಗಿದ್ದರು. ಮಲಗಿದ್ದರು ಎಂಬುದು ಮಲಗಿತ್ತು ಎಂದಾಗಿತ್ತು. ಕನ್ನಡದಲ್ಲಿ ಬರೆದದ್ದರಿಂದ ಈ ಸಂಗತಿ ಬಯಲಾಯಿತು. ಇಂಗ್ಲಿಷ್ ಕರಡಿನಲ್ಲಿ ಆತ ಉದ್ದಕ್ಕೂ ‘ಕೆಡೇವರ್’ ಎಂಬ ಒಂದೇ ಪದವನ್ನು ಇಟ್ಟಿದ್ದ, ಕ್ರಿಯಾಪದವೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಭಾಷೆಯಲ್ಲಾದರೆ ಪ್ರತಿ ವಾಕ್ಯದ ಕೊನೆಯಲ್ಲೂ ಕ್ರಿಯಾಪದ ನಮ್ಮನ್ನು ಕೇಳುತ್ತದೆ: ಇವರು ವ್ಯಕ್ತಿಯೋ, ವಸ್ತುವೋ? ಉತ್ತರ ಕೊಡದೆ ವಾಕ್ಯ ಮುಗಿಯುವುದಿಲ್ಲ. ಹೆಣ, ಶವ, ದೇಹ, ಬಾಡಿ ಎಂದು ಬಾಯಿಗೆ ಬಂದ ಪದವೂ ಅದೇ ಕೆಲಸ ಮಾಡುತ್ತದೆ, ಆದರೆ ಪದವನ್ನು ನಾವು ಯೋಚಿಸಿ ಆರಿಸಿಕೊಳ್ಳುತ್ತೇವೆ. ಕ್ರಿಯಾಪದದ ಕೊನೆ ಯೋಚನೆಗೆ ಮೊದಲೇ ಬಂದುಬಿಡುತ್ತದೆ.

ಹಾಗೆ ‘ಅದು’ ಎಂದು ಬರೆದದ್ದು ತಪ್ಪೇ? ಆತ ಹಾಗೆಂದೇ ಭಾವಿಸಿದ. ಮೂರನೆಯ ಕರಡಿನಲ್ಲಿ ಎಲ್ಲ ‘ಅದು’ಗಳನ್ನೂ ‘ಅವರು’ ಎಂದು ತಿದ್ದಿಕೊಂಡು ಬಂದ. ನಾನು ಒಪ್ಪಲಿಲ್ಲ. ಒಂದು ಗೆರೆಯ ಉದ್ದಕ್ಕೂ ಬ್ಲೇಡನ್ನು ಸರಿಯಾದ ಆಳದಲ್ಲಿ ನಡೆಸಬೇಕಾದರೆ ಗಮನವೆಲ್ಲ ಬ್ಲೇಡಿನ ತುದಿಗೆ ಬರಬೇಕು, ಉಳಿದದ್ದೆಲ್ಲ ಹಿಂದೆ ಸರಿಯಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೂ ರೋಗಿಯ ಮೈಯೆಲ್ಲ ಹಸಿರು ಬಟ್ಟೆಯಿಂದ ಮುಚ್ಚಿ, ಕೊಯ್ಯಬೇಕಾದ ಜಾಗವನ್ನಷ್ಟೇ ತೆರೆದಿಡುತ್ತಾರೆ. ಅದಕ್ಕೆ ಮುಖ್ಯ ಕಾರಣ ಸೋಂಕು ತಡೆಯುವುದು, ಆದರೆ ಅದು ಶಸ್ತ್ರಚಿಕಿತ್ಸಕನ ನೋಟವನ್ನೂ ಕಿರಿದಾಗಿಸುತ್ತದೆ. ಮುಖ ಕಾಣದಿರುವುದು ಕೈಗೆ ಸಹಾಯ. ಹಾಗಾಗಿ ‘ಅದು’ ಎಂಬ ಪದ ಆತನ ಕಲ್ಲು ಮನಸ್ಸಿನ ಸಾಕ್ಷಿಯಲ್ಲ. ಕೈ ಕೆಲಸ ಮಾಡಲು ತೊಡಗಿದ ಗಳಿಗೆಯ ಗುರುತು ಅದು. ಅದನ್ನು ಅಳಿಸಿದರೆ ಆ ಗಳಿಗೆಯೇ ಬರಹದಿಂದ ಮಾಯವಾಗುತ್ತದೆ. ಅಳಿಸಬೇಡ, ಅಲ್ಲಿಯೇ ಬಿಟ್ಟು ಅದರ ಬಗ್ಗೆ ಬರೆ ಎಂದೆ. ‘ಅದರಿಂದೇನು’ ಎಂಬ ಎರಡನೆಯ ಪ್ರಶ್ನೆಗೆ ಆತನಿಗೆ ಸಿಕ್ಕ ವಿಷಯ ಇದೇ.

ಇಲ್ಲಿ ಇನ್ನೊಂದು ತೊಡಕು ಬಂತು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆತ ಹಾಕಿದ ಗೆರೆ ತುಂಬ ಆಳವಾಯಿತು. ಎದೆಯ ಚರ್ಮ ಒಂದೆರಡು ಮಿಲಿಮೀಟರ್ ದಪ್ಪವಿರುತ್ತದೆ, ಅಷ್ಟೇ. ಬ್ಲೇಡ್ ಅದನ್ನು ದಾಟಿದೊಡನೆ ಗೆರೆಯ ಎರಡು ಅಂಚುಗಳೂ ತುಸು ಬಾಯಿ ಬಿಡುತ್ತವೆ, ನಡುವೆ ಹಳದಿ ಕೊಬ್ಬಿನ ಕಾಳುಗಳು ಕಾಣುತ್ತವೆ. ಹಳದಿ ಕಂಡಲ್ಲಿ ನಿಲ್ಲಿಸಬೇಕು. ಕೊರಳೆಲುಬಿನ ಬಳಿ ಇದು ಇನ್ನೂ ಮುಖ್ಯ, ಏಕೆಂದರೆ ಚರ್ಮದ ಅಡಿಯ ಆ ಪದರದಲ್ಲೇ ಕುತ್ತಿಗೆಯಿಂದ ಇಳಿದು ಬರುವ ಪ್ಲಾಟಿಸ್ಮ ಎಂಬ ಕಾಗದದಷ್ಟು ತೆಳುವಾದ ಸ್ನಾಯುವಿರುತ್ತದೆ. ಅದರ ಅಡಿಯಲ್ಲಿ ಸುಪ್ರಾಕ್ಲಾವಿಕ್ಯುಲರ್ ನರಗಳು ಕೊರಳೆಲುಬನ್ನು ದಾಟಿ, ಎದೆಯ ಮೇಲ್ಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡಲು ಬರುತ್ತವೆ. ಅವು ನೂಲಿನ ಎಳೆಗಳಂತಿರುತ್ತವೆ. ಆತನ ಬ್ಲೇಡ್ ಹಳದಿಯನ್ನು ದಾಟಿ ಮುಂದೆ ಹೋಯಿತು, ಕಂದು ಬಣ್ಣದ ಎದೆಸ್ನಾಯುವಿನ ನಾರುಗಳು ಕಂಡವು. ಪಕ್ಕದ ಮೇಜಿನವರು ತಮ್ಮ ನರಗಳನ್ನು ಫೋರ್ಸೆಪ್ಸ್‌ನಿಂದ ಎತ್ತಿ ತೋರಿಸುತ್ತಿದ್ದಾಗ ಈ ಮೇಜಿನ ಬಲಬದಿಯಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ. ಪುಣ್ಯಕ್ಕೆ ಎಡಬದಿ ಹಾಗೆಯೇ ಇತ್ತು.

ಈ ಎರಡು ಸಂಗತಿಗಳನ್ನು ಜೋಡಿಸಿ ಆತ ಒಂದು ವಾದ ಕಟ್ಟಿದ: ನಾನು ಅವರನ್ನು ವಸ್ತುವಾಗಿ ಕಂಡೆ, ಗೌರವ ಕಡಿಮೆಯಾಯಿತು, ಆದ್ದರಿಂದ ಕೈ ಒರಟಾಗಿ ಆಳಕ್ಕೆ ಹೋಯಿತು, ಮುಂದೆ ಹೆಚ್ಚು ಗೌರವದಿಂದ ಕೆಲಸ ಮಾಡುತ್ತೇನೆ. ಓದಲು ಚೆನ್ನಾಗಿದೆ, ಅಂಕ ಕೊಡಬೇಕೆಂದು ಆಸೆಯಾಗುತ್ತದೆ, ಆದರೆ ಅದು ನಿಜವಲ್ಲ. ಗೌರವ ಎಷ್ಟೇ ಇದ್ದರೂ ಆ ಗೆರೆ ಆಳಕ್ಕೇ ಹೋಗುತ್ತಿತ್ತು. ಆತನ ಟಿಪ್ಪಣಿಯಲ್ಲೇ ಕಾರಣವಿತ್ತು: ಚರ್ಮ ಗಟ್ಟಿಯಾಗಿತ್ತು, ಜೋರಾಗಿ ಒತ್ತಿದೆ, ಎಡಗೈ ಎದೆಯ ಮೇಲೆ ಊರಿಕೊಂಡಿದ್ದೆ. ಫಾರ್ಮಲಿನ್ ಚರ್ಮವನ್ನು ಬಿರುಸಾಗಿಸುತ್ತದೆ. ಎಡಗೈಯ ಬೆರಳುಗಳಿಂದ ಚರ್ಮವನ್ನು ಎರಡೂ ಕಡೆಗೆ ಎಳೆದು ಬಿಗಿಯಾಗಿಟ್ಟುಕೊಂಡರೆ ಹೊಸ ಬ್ಲೇಡ್ ಹಗುರವಾಗಿ ಸಾಗುತ್ತದೆ. ಎಳೆಯದೆ ಮೇಲಿನಿಂದ ಒತ್ತಿದರೆ ಚರ್ಮ ಬ್ಲೇಡಿನ ಮುಂದೆ ಸುಕ್ಕುಗಟ್ಟುತ್ತದೆ. ನಾವು ಇನ್ನಷ್ಟು ಒತ್ತುತ್ತೇವೆ. ಚರ್ಮ ಒಮ್ಮೆಲೇ ಬಿಟ್ಟುಕೊಟ್ಟಾಗ ಕೈಯಲ್ಲಿದ್ದ ಭಾರವೆಲ್ಲ ಒಳಗೆ ನುಗ್ಗುತ್ತದೆ. ಆತನ ಎಡಗೈ ಚರ್ಮವನ್ನು ಎಳೆದು ಹಿಡಿಯುವ ಬದಲು ಆಸರೆಗೆಂದು ಊರಿಕೊಂಡಿತ್ತು, ಏಕೆಂದರೆ ಬಲಗೈ ನಡುಗುತ್ತಿತ್ತು. ನಡುಕಕ್ಕೆ ಭಯ ಒಂದು ಕಾರಣ. ಇನ್ನೊಂದು ಕಾರಣ, ವಾಂತಿಯಾದೀತೆಂದು ಸೀನಿಯರ್‌ಗಳು ಹೇಳಿದ್ದನ್ನು ನಂಬಿ ಆತ ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ದಯವಿಟ್ಟು ನೀವು ಸೋಮವಾರ ತಿಂದು ಬನ್ನಿ. ಖಾಲಿ ಹೊಟ್ಟೆ, ಸೆಕೆ, ಒಂದೇ ಕಡೆ ಬಹಳ ಹೊತ್ತು ನಿಲ್ಲುವುದು, ಜೊತೆಗೆ ಅಳುಕು, ಇವು ಸೇರಿದಾಗಲೇ ಮಕ್ಕಳು ತಲೆ ಸುತ್ತಿ ಬೀಳುತ್ತಾರೆ. ಆಕಳಿಕೆ ಬಂದು, ಬೆವರಿ, ಕಣ್ಣು ಮಂಜಾದರೆ ಯಾರಿಗೂ ಹೇಳದೆ ತಡೆದುಕೊಳ್ಳಬೇಡಿ. ಅಲ್ಲೇ ನೆಲದ ಮೇಲೆ ಕುಳಿತುಬಿಡಿ ಅಥವಾ ಮಲಗಿ.

ಕೈಯ ತಪ್ಪನ್ನು ಮನಸ್ಸಿನ ತಪ್ಪೆಂದು ಬರೆದುಕೊಳ್ಳುವುದು ವಿನಯದಂತೆ ಕಾಣುತ್ತದೆ. ಆದರೆ ಅದರಿಂದ ಮುಂದಿನ ಗೆರೆ ಸರಿಹೋಗುವುದಿಲ್ಲ. ‘ಹೆಚ್ಚು ಗೌರವದಿಂದ ಕೆಲಸ ಮಾಡುತ್ತೇನೆ’ ಎಂಬ ಸಂಕಲ್ಪ ಪಾಲನೆಯಾಯಿತೋ ಇಲ್ಲವೋ ಎಂದು ಮುಂದಿನ ವಾರ ನಾನಾಗಲಿ ಆತನಾಗಲಿ ನೋಡಿ ಹೇಳಲಾಗದು. ‘ಚರ್ಮವನ್ನು ಎಡಗೈಯಿಂದ ಎಳೆದು ಹಿಡಿಯುತ್ತೇನೆ, ಬೆರಳಗಲ ಕತ್ತರಿಸಿದ ಮೇಲೆ ನಿಲ್ಲಿಸಿ, ಅಂಚನ್ನು ಫೋರ್ಸೆಪ್ಸ್‌ನಿಂದ ಎತ್ತಿ ಹಳದಿ ಕಾಣುತ್ತಿದೆಯೇ ಎಂದು ನೋಡುತ್ತೇನೆ, ಎಡಬದಿಯ ಗೆರೆಯನ್ನು ನಾನೇ ಕೇಳಿ ಪಡೆಯುತ್ತೇನೆ’ ಎಂದು ಬರೆದರೆ ನೋಡಬಹುದು. ಕೊನೆಯ ಪ್ರತಿಯಲ್ಲಿ ‘ಮುಂದೇನು’ ಎಂಬುದರ ಕೆಳಗೆ ಆತ ಬರೆದದ್ದು ಇದನ್ನೇ.

ಇನ್ನು ಕಾಲುಂಗುರದ ವಿಷಯ. ತರಗತಿ ಮುಗಿದು ದೇಹವನ್ನು ಮತ್ತೆ ಹೊದಿಸುವಾಗ ಬಟ್ಟೆ ಮೇಲಕ್ಕೆ ಸರಿದು ಪಾದಗಳು ಹೊರಗೆ ಬಂದವು. ಆತ ಎಡಗಾಲಿನ ಬಳಿ ನಿಂತಿದ್ದ. ಹೆಬ್ಬೆರಳಿನ ಪಕ್ಕದ ಬೆರಳಿನ ಬುಡದಲ್ಲಿ, ಸುತ್ತಲೂ, ಒಂದು ತಗ್ಗು ಗೆರೆ ಇತ್ತು. ಬೆರಳು ಆ ಜಾಗದಲ್ಲಿ ತುಸು ಸಣ್ಣಗಾಗಿತ್ತು, ಅಲ್ಲಿನ ಚರ್ಮ ಅಕ್ಕಪಕ್ಕಕ್ಕಿಂತ ನಯವಾಗಿತ್ತು. ಬಹಳ ವರ್ಷ ಹಾಕಿಕೊಂಡ ಕಾಲುಂಗುರ ಬಿಟ್ಟುಹೋದ ಗುರುತು. ಉಂಗುರ ಇರಲಿಲ್ಲ. ಆತ ಹೀಗೆ ಬರೆದಿದ್ದ: ‘ನಮ್ಮ ಅಮ್ಮ ಹೊಲದಿಂದ ಬಂದು ಕಾಲು ತೊಳೆಯುವಾಗ ಕಾಲುಂಗುರವನ್ನು ತಿರುಗಿಸಿ ಅದರ ಕೆಳಗಿನ ಮಣ್ಣು ತೆಗೆಯುತ್ತಾಳೆ. ಇವರೂ ಹಾಗೆಯೇ ತಿರುಗಿಸುತ್ತಿದ್ದರು ಅನ್ನಿಸಿತು.’ ‘ಅದು’ ಮತ್ತೆ ‘ಅವರು’ ಆದದ್ದು ಈ ಸಾಲಿನಲ್ಲಿ. ಇದನ್ನೂ ಆತ ಬರೆಯುವಾಗ ಗಮನಿಸಿರಲಿಲ್ಲ, ಓದುವಾಗ ಗಮನಿಸಿದ. ಅಳು ಬರಲಿಲ್ಲವೆಂದು ಹೆದರಿದ್ದ ಹುಡುಗನಿಗೆ, ತನ್ನ ಮನಸ್ಸು ದೂರ ಹೋಗಿ ತಾನಾಗಿಯೇ ಹಿಂದಿರುಗಿ ಬಂದಿತ್ತೆಂಬುದು ತನ್ನದೇ ಕೈಬರಹದಲ್ಲಿ ಕಂಡಿತು.

ಆದರೆ ಆತ ಅಲ್ಲಿಗೆ ನಿಲ್ಲಲಿಲ್ಲ. ಅವರ ಗಂಡ ಬೇಗ ತೀರಿಕೊಂಡಿರಬೇಕು, ಮಕ್ಕಳು ಕೈಬಿಟ್ಟಿರಬೇಕು, ಯಾರೋ ನಿರ್ದಯಿ ಉಂಗುರ ಕಿತ್ತುಕೊಂಡಿರಬೇಕು ಎಂದು ಅರ್ಧ ಪುಟ ಕಥೆ ಬೆಳೆಸಿದ. ವಾರಸುದಾರರಿಲ್ಲ ಎಂಬುದು ಕಾಗದದ ಮೇಲಿನ ಸ್ಥಿತಿ. ಅದರ ಹಿಂದೆ ಏನಿತ್ತೆಂದು ನಮಗೆ ಗೊತ್ತಿಲ್ಲ. ಊರಿನಿಂದ ದೂರವಾಗಿ ಬೆಂಗಳೂರಿನ ಬೀದಿಯಲ್ಲಿ ಕುಸಿದವರ ಮನೆಯವರಿಗೆ ಸುದ್ದಿಯೇ ತಲುಪದಿರಬಹುದು. ಇನ್ನೂ ಹುಡುಕುತ್ತಿರಲೂಬಹುದು. ಕಾಲುಂಗುರವನ್ನು ಅವರೇ ಎಂದೋ ತೆಗೆದಿಟ್ಟಿರಬಹುದು. ಒಂದು ತಗ್ಗು ಗೆರೆ ಹೇಳುವುದು ಒಂದನ್ನೇ: ಇಲ್ಲಿ ಬಹಳ ಕಾಲ ಒಂದು ಉಂಗುರವಿತ್ತು. ಮುಂದೆ ರೋಗಿಯ ಕೇಸ್ ಶೀಟ್ ಬರೆಯುವಾಗಲೂ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ನೀವು ಬೇರ್ಪಡಿಸಬೇಕಾಗುತ್ತದೆ. ಆತ ಆ ಅರ್ಧ ಪುಟವನ್ನು ಹೊಡೆದುಹಾಕಿದ. ಅಮ್ಮನ ಸಾಲನ್ನು ಉಳಿಸಿಕೊಂಡ, ಏಕೆಂದರೆ ಅದು ಆತನಿಗೆ ಅನ್ನಿಸಿದ್ದೆಂದು ಅದರಲ್ಲೇ ಸ್ಪಷ್ಟವಾಗಿತ್ತು.

ಇನ್ನೊಂದನ್ನೂ ತೆಗೆಸಿದೆ. ಆ ವೃದ್ಧೆಯ ಮುಂಗೈ ಮೇಲೆ ಹಚ್ಚೆಯಿತ್ತು. ಹಳೆಯ ಕಾಲದವರು ಹಾಕಿಸಿಕೊಳ್ಳುತ್ತಿದ್ದ ಹಾಗೆ ಒಂದು ಹೆಸರೂ ಅದರಲ್ಲಿತ್ತು. ಆತ ಆ ಹೆಸರನ್ನು ಬರೆದು, ಅದರ ಆಕಾರವನ್ನೂ ಅಂಚಿನಲ್ಲಿ ಬಿಡಿಸಿದ್ದ. ಹಾಲ್‌ನಲ್ಲಿ ಫೋಟೊ ತೆಗೆಯಬಾರದೆಂಬ ನಿಯಮ ನಿಮಗೆಲ್ಲ ಗೊತ್ತು. ಪದಗಳಲ್ಲಿ ತೆಗೆದ ಫೋಟೊಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ಕಾಲುಂಗುರದ ಗುರುತು ಸಾವಿರಾರು ಹೆಂಗಸರಿಗೆ ಇರುತ್ತದೆ, ಅದರಿಂದ ಯಾರೂ ಇವರನ್ನು ಗುರುತಿಸಲಾರರು. ಹಚ್ಚೆಯ ಹೆಸರು, ಮೇಜಿನ ಸಂಖ್ಯೆ, ಕಾಲಿಗೆ ಕಟ್ಟಿದ ಚೀಟಿಯ ಸಂಖ್ಯೆ, ಅಪರೂಪದ ಗಾಯದ ಕಲೆ, ದೇಹ ಬಂದ ತಿಂಗಳು, ಇವು ಒಬ್ಬರನ್ನೇ ತೋರಿಸುತ್ತವೆ. ಪೋರ್ಟ್‌ಫೋಲಿಯೊ ನಿಮ್ಮ ಅಲ್ಮೆರಾದಲ್ಲಿ ಉಳಿಯುವುದಿಲ್ಲ. ಅಧ್ಯಾಪಕರು, ಪರೀಕ್ಷಕರು, ಮುಂದೆ ಯಾರು ಯಾರೋ ಅದನ್ನು ತೆರೆಯುತ್ತಾರೆ. ‘ಮುಂಗೈ ಮೇಲೆ ಹಚ್ಚೆಯಿತ್ತು, ಅದನ್ನು ಓದಿದ ಮೇಲೆ ಆ ಕೈಯನ್ನು ಹಿಡಿಯಲು ತಡವರಿಸಿದೆ’ ಎಂದು ಬರೆದರೆ ಸಾಕು, ಬರಹ ಏನನ್ನೂ ಕಳೆದುಕೊಳ್ಳುವುದಿಲ್ಲ.

ಈ ಮಾತುಗಳನ್ನು ಹೇಳುವ ನಾನು ಇಂಥ ಬರಹಗಳನ್ನು ಓದಲು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಬೇರೊಂದು ಕಾಲೇಜಿನಲ್ಲಿದ್ದಾಗ, ಒಬ್ಬ ವಿದ್ಯಾರ್ಥಿನಿ ಮೊದಲ ದಿನದ ಬಗ್ಗೆ ಒಂದೂವರೆ ಪುಟ ಬರೆದು ಕೊಟ್ಟಿದ್ದಳು. ಗೆರೆ ಎಲ್ಲಿಂದ ಎಲ್ಲಿಗೆ ಹಾಕಿದರು, ಚರ್ಮವನ್ನು ಯಾವ ಕಡೆಗೆ ಮಡಚಿದರು, ಯಾವ ನರ ಕಂಡಿತು, ಇಷ್ಟೇ. ನಾನು ಕೆಂಪು ಶಾಯಿಯಲ್ಲಿ ‘ನಿಮ್ಮ ಭಾವನೆಗಳು ಎಲ್ಲಿ?’ ಎಂದು ಬರೆದು ಕಡಿಮೆ ಅಂಕ ಕೊಟ್ಟೆ. ಆಕೆಯ ತಂದೆ ಮೂರು ತಿಂಗಳ ಹಿಂದೆ ತೀರಿಕೊಂಡಿದ್ದರು, ಮೈ ತೊಳೆದು ಬಟ್ಟೆ ಹೊದಿಸುವಾಗ ಆಕೆ ಅಲ್ಲಿದ್ದಳು ಎಂಬುದು ನನಗೆ ಬಹಳ ದಿನಗಳ ನಂತರ ಆಕೆಯ ಗೆಳತಿಯಿಂದ ತಿಳಿಯಿತು. ಆಕೆ ಆ ದಿನ ಹಾಲ್‌ನಲ್ಲಿ ಎರಡು ಗಂಟೆ ನಿಂತು, ಕಂಡದ್ದನ್ನು ತಪ್ಪಿಲ್ಲದೆ ಬರೆದಿದ್ದಳು. ಆಕೆಗೆ ಸಾಧ್ಯವಿದ್ದದ್ದು ಅಷ್ಟು, ಅದು ಕಡಿಮೆಯೇನೂ ಆಗಿರಲಿಲ್ಲ. ನಾನು ಆಕೆಯ ಬಳಿ ಕ್ಷಮೆ ಕೇಳಿದೆ. ಆಕೆ “ಪರವಾಗಿಲ್ಲ ಮೇಡಂ” ಎಂದಳು, ಆದರೆ ಆಮೇಲೆ ನನ್ನ ವಿಷಯದ ಪೋರ್ಟ್‌ಫೋಲಿಯೊದಲ್ಲಿ ಆಕೆ ಬರೆದ ಎಲ್ಲ ಬರಹಗಳೂ ಮೊದಲ ಗುರು, ಮಹಾನ್ ಚೇತನ, ಋಣ ಎಂಬ ಮಾತುಗಳಿಂದ ತುಂಬಿದ್ದವು. ನಾನು ಕೇಳಿದ್ದನ್ನು ಆಕೆ ಕೊಟ್ಟಿದ್ದಳು.

ಅಂಕದ ಜೊತೆ ಭಾವನೆಯನ್ನು ಕಟ್ಟಿದರೆ ಹೀಗೆಯೇ ಆಗುತ್ತದೆ, ಇದು ಈ ಪದ್ಧತಿಯೊಳಗಿನ ಮಿತಿ. ಅಂದಿನಿಂದ ನಾನು ಒಂದನ್ನು ಪಾಲಿಸಿಕೊಂಡು ಬಂದಿದ್ದೇನೆ. ನಿಮ್ಮ ಮನೆಯ ಸಾವು, ನಿಮ್ಮ ನಂಬಿಕೆ, ನಿಮ್ಮ ಭಯ, ಇವನ್ನು ನನಗೆ ತೋರಿಸಲೇಬೇಕೆಂಬ ಕಟ್ಟುಪಾಡು ಇಲ್ಲ. ಡೈರಿ ನಿಮ್ಮದು, ಅದರಲ್ಲಿ ಏನು ಬೇಕಾದರೂ ಇರಲಿ. ಅದರಿಂದ ಆಯ್ದು ನನ್ನ ಕೈಗೆ ಕೊಡುವ ಎರಡು ಪುಟಗಳಲ್ಲಿ ನಾನು ಹುಡುಕುವುದು, ನೀವು ಏನನ್ನಾದರೂ ಹತ್ತಿರದಿಂದ ನೋಡಿದ್ದೀರಾ, ನೋಡಿದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಗೆರೆ ಎಳೆದಿದ್ದೀರಾ, ಮುಂದಿನ ತರಗತಿಯಲ್ಲಿ ಮಾಡಿ ತೋರಿಸಬಹುದಾದ ಒಂದನ್ನು ಹೇಳಿದ್ದೀರಾ ಎಂಬುದನ್ನು. ಆ ವಿದ್ಯಾರ್ಥಿನಿಯ ಒಂದೂವರೆ ಪುಟದಲ್ಲಿ ಮೊದಲ ಎರಡೂ ಇದ್ದವು.

ನಮ್ಮ ಹುಡುಗನ ಬರಹಕ್ಕೆ ಹಿಂದಿರುಗುತ್ತೇನೆ. ಎರಡನೆಯ ದಿನ ಎಡಬದಿಯ ಗೆರೆಯನ್ನು ಆತನೇ ಹಾಕಿದ. ಚರ್ಮವನ್ನು ಎಳೆದು ಹಿಡಿದ, ಹಳದಿ ಕಂಡಲ್ಲಿ ನಿಲ್ಲಿಸಿದ. ಎರಡು ಎಳೆ ನರಗಳು ಸಿಕ್ಕವು. ಅವುಗಳ ಸುತ್ತಲಿನ ಕೊಬ್ಬನ್ನು ಸಣ್ಣ ಸಣ್ಣ ಚೂರುಗಳಾಗಿ ಬಿಡಿಸಿ ತೆಗೆಯುವುದರಲ್ಲಿ ಒಂದು ಗಂಟೆ ಹೋಯಿತು. ತರಗತಿ ಮುಗಿದಾಗ ಮಡಚಿದ ಚರ್ಮವನ್ನು ಮತ್ತೆ ಎದೆಯ ಮೇಲೆ ಮುಚ್ಚಿ, ಒಣಗದ ಹಾಗೆ ಸಂರಕ್ಷಕ ದ್ರವದಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿದರು. ಟ್ರೇಯಲ್ಲಿ ಕೊಬ್ಬಿನ ಚೂರುಗಳು ಉಳಿದಿದ್ದವು. ಆತ ಅವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕಸದ ಡಬ್ಬಿಯ ಕಡೆ ತಿರುಗಿದಾಗ, ನಮ್ಮ ಹಾಲ್‌ನಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಅಟೆಂಡರ್ ಓಡಿ ಬಂದು ಟ್ರೇ ಹಿಡಿದುಕೊಂಡರು. ಮೇಜಿನ ಕೆಳಗೆ, ಅದೇ ಮೇಜಿನ ಸಂಖ್ಯೆ ಬರೆದ, ಮುಚ್ಚಳವಿದ್ದ ಒಂದು ಬಕೆಟ್ ಇತ್ತು. ಚೂರುಗಳನ್ನು ಅದರೊಳಗೆ ಸುರಿಯುತ್ತಾ ಅವರು ಹೇಳಿದ ಮಾತಿನೊಂದಿಗೆ ಆತನ ಬರಹ ಮುಗಿಯುತ್ತದೆ. ಅದಕ್ಕೆ ಆತ ಯಾವ ವಿವರಣೆಯನ್ನೂ ಸೇರಿಸಿರಲಿಲ್ಲ.

“ಇದೂ ಅವರದೇ ಅಲ್ವಾ ಸರ್. ಕೊನೆಗೆ ಎಲ್ಲಾ ಒಟ್ಟಿಗೇ ಕಳಿಸಿಕೊಡ್ತೀವಿ.”